ಆರು ಬಟ್ಟೆ, ಆದರೆ ಆರಿಲ್ಲ: ಒಂದು ಒಗಟಿನ ಕಥೆ ಬರೆದ ಬಗೆ

ನಮ್ಮೂರಿನ ಗ್ರಂಥಾಲಯದಲ್ಲಿ ಶನಿವಾರ ಮಧ್ಯಾಹ್ನ ಮಕ್ಕಳಿಗೆ ಕಥೆ ಓದುತ್ತೇನೆ. ಕಕ್ಕಡ ತಿಂಗಳಲ್ಲಿ ಮಳೆ ಹಿಡಿದರೆ ಮಕ್ಕಳಿಗೆ ಆಟ ಇಲ್ಲ, ಹಾಗಾಗಿ ಆಗ ಬರುವವರು ಜಾಸ್ತಿ. ಅಂಥ ಒಂದು ಮಳೆಗಾಲದಲ್ಲಿ ಅವರಿಗಾಗಿಯೇ ಒಂದು ಕಥೆ ಬರೆದೆ. ಕೊಡಗಿನ ಒಂದು ಹಳ್ಳಿ, ಶಾಲೆಯ ಜಗಲಿ, ಅಲ್ಲಿ ಒಗಟಿನ ಪಂದ್ಯ. ಪೂವಿ ಅನ್ನುವ ಎಂಟು ವರ್ಷದ ಹುಡುಗಿ, ಅವಳ ಜೊತೆ ಒಂದು ಕಡೆ ಕೂರದ ತಮ್ಮ. ಪಂದ್ಯದ ಒಗಟುಗಳಿಗೆಲ್ಲ ಒಂದೇ ಕಟ್ಟು: ಉತ್ತರ ಇರಬೇಕಾದ್ದು ಮಾತಿನ ಆಟದಲ್ಲಿ. ಒಂದು ಪದ, ಎರಡು ಅರ್ಥ.

ಮೊದಲ ಕರಡಿನಲ್ಲಿ ಎಂಟು ಒಗಟು ಇದ್ದವು. ಅದರಲ್ಲಿ ಐದು ಮಾತಿನ ಆಟವೇ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಉದಾಹರಣೆಗೆ, ಬಾಗಿಲಿಲ್ಲದ ಬಿಳಿ ಮನೆ ಅಂದರೆ ಮೊಟ್ಟೆ. ಇದು ಒಳ್ಳೆಯ ಒಗಟೇ. ಆದರೆ ಇಲ್ಲಿ ಕೆಲಸ ಮಾಡುವುದು ಹೋಲಿಕೆ, ಪದ ಅಲ್ಲ. ಇದನ್ನು ಕಂಡುಹಿಡಿಯಲು ನಾನು ಒಂದು ಸುಲಭದ ಪರೀಕ್ಷೆ ಇಟ್ಟುಕೊಂಡೆ. ಉತ್ತರದ ಪದ ತೆಗೆದು ಅದೇ ಅರ್ಥದ ಬೇರೆ ಪದ ಹಾಕುವುದು. ಮೊಟ್ಟೆ ತೆಗೆದು ತತ್ತಿ ಅಂದರೂ ಬಿಳಿ ಮನೆ ಹಾಗೇ ನಿಲ್ಲುತ್ತದೆ. ಹಾಗೆ ನಿಂತರೆ ಆ ಒಗಟು ಈ ಕಥೆಗೆ ಬೇಡ. ಈಗ ಇದನ್ನು ನೋಡಿ:

"ಕೇಳಿದ್ದಕ್ಕೆ ಅಜ್ಜಿ ಕೊಡೆ ಅಂದಳು. ಅಂದದ್ದನ್ನೇ ಕೈಗೆ ಕೊಟ್ಟಳು. ಏನು ಕೊಟ್ಟಳು?"

ಉತ್ತರ ಕೊಡೆ. ಅದರ ಜಾಗದಲ್ಲಿ ಛತ್ರಿ ಹಾಕಿ ನೋಡಿ, ಒಗಟು ಅಲ್ಲೇ ಸಾಯುತ್ತದೆ. ಸಾಯಬೇಕು. ಆಗಲೇ ಅದು ಪದದ ಮೇಲೆ ನಿಂತ ಒಗಟು.

ಈ ಕೊಡೆ ನನಗೆ ತುಂಬಾ ಇಷ್ಟ. ನಮ್ಮೂರಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಅದಿಲ್ಲದೆ ಯಾರೂ ಹೊರಗೆ ಕಾಲಿಡುವುದಿಲ್ಲ. ಆದರೆ ಓದಿದಾಗ ಒಂದು ಮಗುವೂ ನಗಲಿಲ್ಲ. ಕಾರಣ ಹುಡುಕಲು ಕಷ್ಟವಾಗಲಿಲ್ಲ. "ಕೊಡೆ" ಅಂದರೆ "ನಾನು ಕೊಡುವುದಿಲ್ಲ" ಅಂತ ಅವರಿಗೆ ಗೊತ್ತಿಲ್ಲ. ಒಲ್ಲೆ, ಅರಿಯೆ ಇವುಗಳ ಜಾತಿಯ ಪದ ಅದು. ಒಲ್ಲೆ ಇನ್ನೂ ಬಾಯಲ್ಲಿದೆ, ಕೊಡೆ ಹೋಗಿಬಿಟ್ಟಿದೆ. ಎರಡು ಅರ್ಥದಲ್ಲಿ ಒಂದು ಮಗುವಿನ ಹತ್ತಿರ ಇಲ್ಲದಿದ್ದರೆ ಅದಕ್ಕೆ ಒಗಟು ಬಿಡಿಸುವ ದಾರಿಯೇ ಇಲ್ಲ. ಆಮೇಲೆ ನಾವು ಅರ್ಥ ಬಿಡಿಸಿ ಹೇಳಿದರೆ ಅದು ಪಾಠ ಆಗುತ್ತದೆ.

ಪದವನ್ನು ಬಿಡಲು ಮನಸ್ಸು ಬರಲಿಲ್ಲ. ಅದಕ್ಕೆ ಕಥೆಯ ಒಳಗೇ ಒಬ್ಬ ಜಿಪುಣನನ್ನು ತಂದೆ. ಹಿಂದಿನ ರಾತ್ರಿ ಅಜ್ಜಿ ಪೂವಿಗೆ ಅವನ ಕಥೆ ಹೇಳುತ್ತಾಳೆ. ಯಾರು ಏನು ಕೇಳಿದರೂ ಅವನದು ಒಂದೇ ಮಾತು: "ಕೊಡೆ ಕೊಡೆ, ಒಂದು ಕಾಳೂ ಕೊಡೆ!" ಮಕ್ಕಳು ಇದನ್ನು ಕೇಳಿದ್ದೇ ತಡ, ಕೋರಸ್ ಥರ ಕೂಗಲು ಶುರು ಮಾಡಿದರು. ಅರ್ಥ ಯಾರೂ ಹೇಳಿಕೊಡಬೇಕಾಗಲಿಲ್ಲ. ಆದರೆ ಇನ್ನೊಂದು ತಪ್ಪು ಮಾಡಿದ್ದೆ. ಜಿಪುಣನ ಮಾತು ಮುಗಿದ ಮರುಪುಟದಲ್ಲೇ ಒಗಟು ಇಟ್ಟಿದ್ದೆ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂತು. ಬಿತ್ತಿದ ಕೂಡಲೇ ಕೊಯ್ಯಲು ಹೋದ ಹಾಗೆ. ಒಗಟನ್ನು ಎರಡು ಪುಟ ಮುಂದಕ್ಕೆ ತಳ್ಳಿ, ನಡುವೆ ಬೇರೆ ಒಂದು ಒಗಟು ಹಾಕಿದೆ. ಆಗ ಸರಿಹೋಯಿತು. ಪ್ರಶ್ನೆ ಕೇಳಿದ ಮೇಲೆ ಒಂದಷ್ಟು ಹೊತ್ತು ಸುಮ್ಮನಿದ್ದು, ಒಂದು ಮೂಲೆಯಿಂದ "ಅಯ್ಯೋ, ಕೊಡೆ!" ಅಂತ ಬರಬೇಕು. ಆ ಸುಮ್ಮನಿರುವ ಹೊತ್ತು ನನಗೆ ಮುಖ್ಯ.

ಇದೇ ಕಾರಣಕ್ಕೆ ಕೈಬಿಟ್ಟ ಒಗಟೂ ಇದೆ. ಕರಿ ಅಂದರೆ ಕಪ್ಪು, ಕರಿ ಅಂದರೆ ಆನೆ. ಕಾಫಿ ತೋಟಕ್ಕೆ ಆನೆ ಬರುವ ಊರು ನಮ್ಮದು, ಬಿಡಲು ನಿಜಕ್ಕೂ ಬೇಜಾರಾಯಿತು. ಆದರೆ ಆನೆಗೆ ಕರಿ ಅನ್ನುವುದು ಹಳೆಯ ಕಾವ್ಯದ ಮಾತು. ಅದನ್ನು ಒಂದು ಸಣ್ಣ ಕಥೆಯೊಳಗೆ ಬಿತ್ತಲು ಜಾಗ ಸಿಗಲಿಲ್ಲ.

ಅತಿ ಹೆಚ್ಚು ಸಲ ತಿದ್ದಿದ್ದು ಬಟ್ಟೆಯ ಒಗಟು. ಅದರ ಬೀಜ ಸಿಕ್ಕಿದ್ದು ನಮ್ಮ ಮನೆಯಲ್ಲೇ. ಮಳೆಗಾಲದಲ್ಲಿ ಒಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಹಾಕುತ್ತೇವೆ. ಒಂದು ಸಂಜೆ ನಮ್ಮ ಅಕ್ಕ ಬಟ್ಟೆ ಮುಟ್ಟಿ ನೋಡಿ "ಇನ್ನೂ ಆರಿಲ್ಲ" ಅಂದಳು. ಮನೆಯಲ್ಲಿ ದಿನಾ ಕೇಳುವ ಮಾತು. ಅವತ್ತು ಮಾತ್ರ ನನಗೆ "ಆರು ಇಲ್ಲ" ಅಂತ ಕೇಳಿಸಿತು. ಆರು ಅನ್ನುವ ಸಂಖ್ಯೆಗೆ ಇಲ್ಲ ಸೇರಿದರೂ ಆರಿಲ್ಲ, ಬಟ್ಟೆ ಒಣಗದಿದ್ದರೂ ಆರಿಲ್ಲ. ಒಂದು ಅಕ್ಷರವೂ ಹೆಚ್ಚುಕಮ್ಮಿ ಇಲ್ಲ. ಹೀಗೆ ಬರೆದೆ:

"ಬೆಳಗ್ಗೆ ಹಗ್ಗದ ಮೇಲೆ ಆರು ಬಟ್ಟೆ ಹಾಕಿದೆ. ಸಂಜೆ ನೋಡಿದರೆ ಆರಿಲ್ಲ. ಯಾಕೆ?"

ಒಬ್ಬ ಹುಡುಗ ತಕ್ಷಣ "ಗಾಳಿಗೆ ಒಂದು ಹಾರಿಹೋಯಿತು" ಅಂದ. ತಪ್ಪು ಅನ್ನಲು ಬಾಯಿ ಬರಲಿಲ್ಲ, ಯಾಕೆಂದರೆ ಅದು ಸರಿಯಾದ ಉತ್ತರವೇ. ಒಗಟು ಅಷ್ಟು ಸಡಿಲ ಇತ್ತು. "ಒಂದೂ ಕಳೆದಿಲ್ಲ" ಅಂತ ಸೇರಿಸಿದೆ. ಮುಂದಿನ ವಾರ ಬೇರೆ ಮಕ್ಕಳಿಗೆ ಓದಿದಾಗ ಒಬ್ಬಳು "ಅವಳ ಅಮ್ಮ ಬಂದು ಇನ್ನೊಂದು ಹಾಕಿದ್ದಾರೆ, ಈಗ ಏಳಿದೆ" ಅಂದಳು. ಅದೂ ಸರಿ ಅಲ್ವಾ? ಮತ್ತೆ ತಿದ್ದಿದೆ. ಕೊನೆಗೆ ನಿಂತ ರೂಪ ಇದು:

"ಬೆಳಗ್ಗೆ ಹಗ್ಗದ ಮೇಲೆ ಆರು ಬಟ್ಟೆ ಹಾಕಿದೆ. ಒಂದೂ ಕಳೆದಿಲ್ಲ, ಒಂದೂ ಕೂಡಿಲ್ಲ. ಸಂಜೆ ನೋಡಿದರೆ ಆರಿಲ್ಲ. ಯಾಕೆ?"

ಇಬ್ಬರು ಮಕ್ಕಳ ಆಕ್ಷೇಪದಿಂದ ಒಗಟು ಎರಡು ಕಡೆಯಿಂದಲೂ ಮುಚ್ಚಿತು. ಜೊತೆಗೆ ನಾನು ಯೋಚಿಸದ ಒಂದು ಲಾಭವೂ ಆಯಿತು. ಕಳೆಯುವುದು, ಕೂಡುವುದು ಅಂದ ಕೂಡಲೇ ಕೇಳುವವರ ತಲೆ ಲೆಕ್ಕದ ಕಡೆ ಓಡುತ್ತದೆ. ಬೆರಳು ಮಡಚಿ ಎಣಿಸಲು ಶುರು ಮಾಡುತ್ತಾರೆ. ಹೊರಗೆ ಮಳೆ ಸುರಿಯುತ್ತಲೇ ಇರುತ್ತದೆ, ಅದರ ಕಡೆ ಯಾರ ಗಮನವೂ ಇಲ್ಲ.

ಇದಕ್ಕೂ ಬಿತ್ತನೆ ಬೇಕಾಯಿತು. ಕೆಲವು ಮನೆಗಳಲ್ಲಿ ಬಟ್ಟೆ "ಒಣಗಿಲ್ಲ" ಅನ್ನುತ್ತಾರೆ, "ಆರಿಲ್ಲ" ಅನ್ನುವುದಿಲ್ಲ. ಅದಕ್ಕೆ ಕಥೆಯ ಮೊದಲ ಪುಟದಲ್ಲೇ ಪೂವಿಯ ಅಮ್ಮ "ಬಟ್ಟೆ ಆರಿ ಹಾಕು" ಅನ್ನುತ್ತಾಳೆ. ಬೇರೆ ಏನೂ ವಿವರಣೆ ಇಲ್ಲ. ಅಚ್ಚಿಗೆ ಕೊಟ್ಟಾಗ ಒಂದು ತೊಂದರೆ ಆಯಿತು. ಅಕ್ಷರ ಜೋಡಿಸಿದವರು ಒಳ್ಳೆಯ ಮನಸ್ಸಿನಿಂದಲೇ "ಆರು ಇಲ್ಲ" ಅಂತ ಬಿಡಿಸಿ ಬರೆದಿದ್ದರು. ಬಿಡಿಸಿದರೆ ಬಟ್ಟೆ ಮಾಯ, ಬರೀ ಲೆಕ್ಕ ಉಳಿಯುತ್ತದೆ. ಮಾತಿನ ಆಟದ ಕಥೆಯ ಕರಡು ತಿದ್ದುವಾಗ ಒಗಟುಗಳನ್ನು ಜೋರಾಗಿ ಓದಿ ನೋಡಬೇಕು. ಕಣ್ಣಿಗೆ ಸರಿ ಕಂಡದ್ದು ಕಿವಿಗೆ ಸಿಕ್ಕಿಬೀಳುತ್ತದೆ.

ಚಿತ್ರದಲ್ಲೂ ಹೀಗೇ ಆಯಿತು. ನಡುವೆ ಇರುವ ಒಗಟು ಇದು:

"ಹೊಟ್ಟೆ ತುಂಬ ತೊಳೆ ತೊಳೆ, ಮುಟ್ಟಿದ ಕೈಯೆಲ್ಲ ಕೊಳೆ."

ಹಲಸಿನ ಹಣ್ಣು. ಒಳಗೆ ಇಷ್ಟೊಂದು ತೊಳೆ, ಆದರೂ ಮೇಣ ಅಂಟಿದ ಕೈಯನ್ನು ನೀರಲ್ಲಿ ಎಷ್ಟು ತೊಳೆದರೂ ಹೋಗುವುದಿಲ್ಲ. ಕೊಬ್ಬರಿ ಎಣ್ಣೆಯೇ ಬೇಕು. ಚಿತ್ರ ಬರೆದವರು ಅದೇ ಪುಟದಲ್ಲಿ ಶಾಲೆಯ ಪಕ್ಕ ಒಂದು ಹಲಸಿನ ಮರ ಬರೆದಿದ್ದರು, ಕಾಂಡದ ತುಂಬ ಹಣ್ಣು. ಚೆಂದದ ಚಿತ್ರ. ಆದರೆ ಮಕ್ಕಳು ಓದುವ ಮೊದಲು ನೋಡುತ್ತಾರೆ. ಮರವನ್ನು ಹಾಳೆ ತಿರುಗಿಸಿದ ಮೇಲಿನ ಪುಟಕ್ಕೆ ಕಳಿಸಿದೆವು. ಈ ಪುಟದಲ್ಲಿ ಅಂಟು ಕೈ ನೋಡಿಕೊಳ್ಳುತ್ತಿರುವ ತಮ್ಮ ಮಾತ್ರ ಉಳಿದ.

ಕೊಡವ ಮನೆಗಳ ಮಕ್ಕಳು ಇದ್ದಾಗ ಮಾತ್ರ ಬಾಯಲ್ಲಿ ಹೇಳುವ ಒಂದು ಒಗಟು ಇದೆ. "ಅವ್ವನಿಗೂ ತಾಯಿ, ನನಗೂ ತಾಯಿ. ಯಾರು?" ಕೊಡವ ತಕ್ಕ್‌ನಲ್ಲಿ ಅಜ್ಜಿಗೆ ತಾಯಿ ಅನ್ನುತ್ತಾರೆ, ಅಮ್ಮನಿಗೆ ಅವ್ವ. ಆ ಮಕ್ಕಳ ಮುಖ ಅರಳುವುದನ್ನು ನೋಡಬೇಕು. ಪುಸ್ತಕಕ್ಕೆ ಹಾಕಲಿಲ್ಲ. ಬೇರೆ ಊರಿನ ಮಗುವಿಗೆ ಅದು ಬರೀ ಗೊಂದಲ.

ಇನ್ನು ಕೊನೆಯ ಒಗಟು. ಅದರ ಉತ್ತರದ ಮೇಲೆ ಇಡೀ ಕಥೆ ನಿಂತಿದೆ. ಪದ ಮೊದಲೇ ಗೊತ್ತಿತ್ತು: ಕಾಯಿ. ಮರದ ಕಾಯಿ, ಮತ್ತು "ಸ್ವಲ್ಪ ಕಾಯಿ". ಮೊದಲು "ಹಣ್ಣಾಗುವ ತನಕ ಏನು?" ಅಂತ ಕೇಳಿದ್ದೆ. ಅದು ತೀರಾ ಸುಲಭ, ಎರಡನೇ ಅರ್ಥದ ಅಗತ್ಯವೇ ಬೀಳುವುದಿಲ್ಲ. ತಿರುಗಿಸಿ ಬರೆದೆ:

"ಹಣ್ಣು ಕೊಡು ಅಂದವನಿಗೆ ಮರ ಒಂದೇ ಮಾತು ಹೇಳಿತು. ಹೇಳಿದ ಮಾತು ಕೊಂಬೆಯಲ್ಲೇ ನೇತಾಡುತ್ತಿತ್ತು. ಯಾವ ಮಾತು?"

ಕಥೆಯಲ್ಲಿ ಎಲ್ಲರೂ ಸೋತು ಕೂತಿದ್ದಾರೆ. ಮನೆಗೆ ಹೋಗೋಣ ಅಂತ ತಮ್ಮ ಪೂವಿಯ ಲಂಗ ಎಳೆಯುತ್ತಾನೆ. ಅವಳು "ಸ್ವಲ್ಪ ಕಾಯಿ" ಅನ್ನುತ್ತಾಳೆ. ಮೇಷ್ಟ್ರು ಎದ್ದು "ಸರಿಯಾದ ಉತ್ತರ!" ಅಂದುಬಿಡುತ್ತಾರೆ. ಹಾಗೆ ಮುಗಿಸಿದ್ದೆ, ನನಗೆ ಖುಷಿಯೂ ಆಗಿತ್ತು. ಓದಿ ಮುಗಿಸಿದಾಗ ನಾಲ್ಕನೇ ಕ್ಲಾಸಿನ ಒಬ್ಬಳು ಗಟ್ಟಿಯಾಗಿ ಹೇಳಿದಳು: "ಅದು ಮೋಸ. ಅವಳು ಉತ್ತರ ಹೇಳೇ ಇಲ್ಲ, ತಮ್ಮನಿಗೆ ಹೇಳಿದ್ದು."

ಅವಳ ಮಾತು ನಿಜ. ಉಳಿದ ಒಗಟುಗಳಲ್ಲಿ ಮಕ್ಕಳು ಎರಡು ಅರ್ಥ ಕಂಡು ಗೆದ್ದರು, ಪೂವಿ ಮಾತ್ರ ಕಾಣದೆ ಗೆದ್ದಳು. ಕೊನೆಯ ಪುಟ ಮತ್ತೆ ಬರೆದೆ. ಈಗ ಪೂವಿ "ಸ್ವಲ್ಪ ಕಾಯಿ" ಅನ್ನುತ್ತಾಳೆ. ಮೇಷ್ಟ್ರು ಏನೂ ಹೇಳುವುದಿಲ್ಲ. ತಮ್ಮ ಮತ್ತೆ ಎಳೆಯುತ್ತಾನೆ. ಪೂವಿ ಮತ್ತೆ "ಕಾಯಿ ಅಂದೆನಲ್ಲ" ಅನ್ನುತ್ತಾಳೆ, ಮತ್ತು ಅಲ್ಲೇ ನಿಲ್ಲುತ್ತಾಳೆ. ತಾನು ಅಂದದ್ದು ಅವಳ ಕಿವಿಗೇ ಬಿದ್ದಿದೆ. ಆಮೇಲೆ ಎದ್ದು ನಿಂತು ಉತ್ತರ ಹೇಳುತ್ತಾಳೆ. ಅಡುಗೆಮನೆಯಲ್ಲಿ "ಆರಿಲ್ಲ" ಕೇಳಿಸಿದಾಗ ನನಗೆ ಆದದ್ದೂ ಇದೇ.

ಪುಸ್ತಕ ಬಂದು ಎರಡು ವಾರ ಆದ ಮೇಲೆ ಗಾಳಿಯ ಉತ್ತರ ಹೇಳಿದ್ದ ಹುಡುಗ ತನ್ನದೇ ಒಗಟು ತಂದ. "ನಮ್ಮನೆಯಲ್ಲಿ ಇರೋದು ಒಂದೇ. ಅಪ್ಪ ಮಾತ್ರ ಅದನ್ನ ತೋರಿಸಿ ಹತ್ತು ಅಂತಾರೆ. ಏನು?"

ಏಣಿ. ಮೆಣಸು ಕೊಯ್ಯುವ ಏಣಿ. ನಾನು ಬಿಡಲಿಲ್ಲ. "ಮರ ಅಂದರೂ ಸರಿಹೋಗುತ್ತಲ್ಲ, ಮರವನ್ನೂ ಹತ್ತು ಅಂತಾರೆ" ಅಂದೆ.

ಅವನು ಸ್ವಲ್ಪ ಹೊತ್ತು ಯೋಚಿಸಿದ. "ಇಲ್ಲ. ಮರ ನಮ್ಮಲ್ಲಿ ಒಂದೇ ಅಲ್ಲ, ತೋಟದ ತುಂಬ ಇದೆ. ಏಣಿ ಒಂದೇ ಇರೋದು" ಅಂದ.