ಬಸುರಿ ಎಂದು ಗೊತ್ತಾದ ದಿನವೇ ಇನ್‌ಹೇಲರ್ ಮುಚ್ಚಿಡಬೇಡಿ

ಅವಳು ತಾಯಿಯ ಜೊತೆ ನನ್ನ ಕೊಠಡಿಗೆ ಬಂದಾಗ ಇಪ್ಪತ್ತೆರಡನೇ ವಾರ ನಡೆಯುತ್ತಿತ್ತು. ಕುರ್ಚಿಯ ಅಂಚಿನಲ್ಲಿ ಮುಂದಕ್ಕೆ ಬಾಗಿ, ಎರಡೂ ಕೈ ಮೊಣಕಾಲಿಗೆ ಊರಿ ಕೂತಿದ್ದಳು. ಒಂದು ವಾಕ್ಯ ಮುಗಿಸುವಷ್ಟರಲ್ಲಿ ಎರಡು ಸಲ ಉಸಿರಿಗೆ ನಿಲ್ಲುತ್ತಿದ್ದಳು. ಎರಡು ವಾರದಿಂದ ರಾತ್ರಿ ದಿಂಬು ಒರಗಿಸಿಕೊಂಡು ಕೂತೇ ನಿದ್ದೆಯಂತೆ. “ಪಂಪ್ ಬಿಡಿಸಿದ್ದು ನಾನೇ ಮೇಡಂ. ಕೂಸಿಗೆ ಏನಾದ್ರೂ ಆದೀತು ಅಂತ ಹೆದರಿಕೆ” ಎಂದರು ತಾಯಿ. ಮಗಳು ಬ್ಯಾಗಿನಿಂದ ಕರವಸ್ತ್ರದಲ್ಲಿ ಸುತ್ತಿದ್ದ ಇನ್‌ಹೇಲರ್ ತೆಗೆದು ಮೇಜಿನ ಮೇಲಿಟ್ಟಳು. ಅದರ ಬೆನ್ನಿನ ಮೇಲೆ ಎಷ್ಟು ಪಫ್ ಉಳಿದಿದೆ ಎಂದು ತೋರಿಸುವ ಅಂಕಿ 74ರಲ್ಲಿ ನಿಂತಿತ್ತು. ಮೂರೂವರೆ ತಿಂಗಳಿಂದ ಅದು ಕದಲಿರಲಿಲ್ಲ.

ತಾಯಿಯ ಹೆದರಿಕೆ ನನಗೆ ಅರ್ಥವಾಗುತ್ತದೆ. ಬಸುರಿಯಾದವಳು ತಲೆನೋವಿನ ಮಾತ್ರೆಯನ್ನೂ ಯೋಚಿಸಿ ನುಂಗಬೇಕು ಎಂದು ಎಲ್ಲರೂ ಹೇಳುತ್ತಾರೆ, ಆ ಮಾತು ಸರಿಯೂ ಹೌದು. ಆದರೆ ಆಸ್ತಮಾದಲ್ಲಿ ಲೆಕ್ಕ ತಿರುವುಮುರುವು. ಇಲ್ಲಿ ಮಗುವನ್ನು ಕಾಡುವುದು ಔಷಧಿಗಿಂತ ಹೆಚ್ಚಾಗಿ ಹತೋಟಿ ತಪ್ಪಿದ ಉಬ್ಬಸ.

ಹೊಟ್ಟೆಯಲ್ಲಿರುವ ಮಗು ಸ್ವತಃ ಉಸಿರಾಡುವುದಿಲ್ಲ. ತಾಯಿಯ ರಕ್ತದಲ್ಲಿರುವ ಆಮ್ಲಜನಕ ಮಾಸಿನ ಮೂಲಕ ಹೊಕ್ಕುಳಬಳ್ಳಿಗೆ ದಾಟಿ ಅದನ್ನು ತಲುಪಬೇಕು. ತಾಯಿಯ ಅಪಧಮನಿಯಲ್ಲಿ ಆಮ್ಲಜನಕದ ಒತ್ತಡ ಸುಮಾರು 100 ಮಿ.ಮೀ. ಪಾದರಸದಷ್ಟು ಇದ್ದರೆ, ಮಗುವಿನ ಕಡೆ ಹೊರಡುವ ಹೊಕ್ಕುಳ ರಕ್ತನಾಳದಲ್ಲಿ ಅದು ಸುಮಾರು 30 ಮಾತ್ರ. ಮಗು ಹುಟ್ಟುವ ಮೊದಲು ಅಷ್ಟರಲ್ಲೇ ಬದುಕಲು ಸಜ್ಜಾಗಿರುತ್ತದೆ, ಆದರೆ ಅದರಲ್ಲೂ ಕಡಿತವಾದರೆ ತಡೆದುಕೊಳ್ಳುವ ಜಾಗ ಅದಕ್ಕೆ ಕಡಿಮೆ. ಹೀಗಾಗಿ ಬೇರೆಯವರ ಬೆರಳಿನ ಆಕ್ಸಿಮೀಟರ್ 93 ತೋರಿಸಿದರೆ ಸ್ವಲ್ಪ ಕಾಯುವ ನಾವು, ಬಸುರಿಯಲ್ಲಿ 95ಕ್ಕಿಂತ ಕೆಳಗೆ ಇಳಿಯಲು ಬಿಡುವುದಿಲ್ಲ. ಆಸ್ತಮಾ ತಿಂಗಳುಗಟ್ಟಲೆ ಹತೋಟಿಯಲ್ಲಿಲ್ಲದಿದ್ದರೆ ಮಗು ಕಡಿಮೆ ತೂಕದಲ್ಲಿ ಹುಟ್ಟುವುದು, ದಿನ ತುಂಬುವ ಮೊದಲೇ ಹೆರಿಗೆಯಾಗುವುದು, ತಾಯಿಗೆ ಬಿ.ಪಿ. ಏರಿ ನಂಜಾಗುವುದು ಹೆಚ್ಚು.

ಬಸುರಿನಲ್ಲಿ ಆಸ್ತಮಾ ಎಲ್ಲರಿಗೂ ಕೆಡುವುದಿಲ್ಲ. ಅಂದಾಜಿಗೆ ಮೂವರಲ್ಲಿ ಒಬ್ಬರಿಗೆ ಹೆಚ್ಚುತ್ತದೆ, ಒಬ್ಬರಿಗೆ ಕಡಿಮೆಯಾಗುತ್ತದೆ, ಮತ್ತೊಬ್ಬರಿಗೆ ಇದ್ದ ಹಾಗೇ ಇರುತ್ತದೆ. ಯಾರಿಗೆ ಯಾವುದು ಎಂದು ಮೊದಲೇ ಹೇಳಲಾಗದು. ಕೆರಳುವುದಿದ್ದರೆ ಹೆಚ್ಚಾಗಿ 24ರಿಂದ 36ನೇ ವಾರದ ನಡುವೆ. ಅದಕ್ಕೆ ಮೊದಲೇ ಕೆಳಗಿನ ಕೆಲಸಗಳನ್ನು ಮಾಡಿಕೊಳ್ಳಬೇಕು.

1. ನಿಲ್ಲಿಸಬೇಡಿ, ಅದೇ ವಾರ ವೈದ್ಯರನ್ನು ಕಾಣಿ

ಪರೀಕ್ಷೆಯಲ್ಲಿ ಎರಡು ಗೆರೆ ಕಂಡ ದಿನವೂ ಬೆಳಿಗ್ಗೆ ಸಂಜೆಯ ಪಫ್ ಎಂದಿನಂತೆ ನಡೆಯಲಿ. ಅದೇ ವಾರ ಆಸ್ತಮಾ ನೋಡುವ ವೈದ್ಯರಿಗೂ ಹೆರಿಗೆ ವೈದ್ಯರಿಗೂ ವಿಷಯ ತಿಳಿಸಿ. ಆಸ್ತಮಾ ಚೆನ್ನಾಗಿದೆ ಎಂದು ಡೋಸ್ ಇಳಿಸಿ ನೋಡುವ ಪ್ರಯೋಗವನ್ನು ಹೆರಿಗೆಯ ನಂತರಕ್ಕೆ ಇಟ್ಟುಕೊಳ್ಳುವುದು ಲೇಸು. ಈಗಾಗಲೇ ಬಿಟ್ಟಿದ್ದರೆ ಮುಚ್ಚಿಡದೆ ಹೇಳಿ, ಮತ್ತೆ ಶುರು ಮಾಡಲು ತಡವಾಗಿಲ್ಲ. ಬಿಟ್ಟ ಕೂಡಲೇ ತೊಂದರೆ ಕಾಣಿಸದೆ ಇರುವುದೇ ಇದರಲ್ಲಿನ ಮೋಸ. ಶ್ವಾಸನಾಳದ ಊತ ಮೆಲ್ಲಗೆ ವಾಪಸ್ ಬರುತ್ತದೆ. ನಮ್ಮ ಈ ಹುಡುಗಿಗೂ ಮೊದಲ ಎರಡು ತಿಂಗಳು ಏನೂ ಆಗಿರಲಿಲ್ಲ.

2. ಡಬ್ಬಿಯ ಮೇಲೆ ಏನು ಬರೆದಿದೆ, ಓದಿ

ಬಣ್ಣ ನೋಡಿ ನಂಬಬೇಡಿ, ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಸಾಲ್ಬುಟಮಾಲ್ ಎಂದಿದ್ದರೆ ಅದು ಕುಗ್ಗಿದ ಶ್ವಾಸನಾಳವನ್ನು ಆ ಕ್ಷಣಕ್ಕೆ ಹಿಗ್ಗಿಸುವ ಔಷಧಿ. ಬ್ಯುಡೆಸೊನೈಡ್ ಅಂಥದ್ದು ಇದ್ದರೆ ಅದು ಒಳಗಿನ ಊತ ಇಳಿಸುವ ಸ್ಟಿರಾಯ್ಡ್, ದಿನವೂ ಬೇಕಾದದ್ದು. ಎರಡನೆಯದನ್ನು ಬಿಟ್ಟು ಮೊದಲನೆಯದರಲ್ಲೇ ದಿನ ದೂಡುವವರು ಬಹಳ. ಉಬ್ಬಸ ತಗ್ಗಿದಂತೆ ಅನಿಸುತ್ತದೆ, ಊತ ಒಳಗೆ ಹಾಗೇ ಇರುತ್ತದೆ. ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಸಾಲ್ಬುಟಮಾಲ್ ಬೇಕಾಗುತ್ತಿದ್ದರೆ ಆಸ್ತಮಾ ಹತೋಟಿಯಲ್ಲಿಲ್ಲ.

ಸ್ಟಿರಾಯ್ಡ್ ಎಂಬ ಮಾತಿಗೆ ಮನೆಯವರು ಬೆಚ್ಚುತ್ತಾರೆ, ಪಂಪ್ ಬದಲು ಮಾತ್ರೆ ಕೇಳುತ್ತಾರೆ. ಆಗ ನಾನು ಒಂದು ಚೀಟಿಯ ಮೇಲೆ ಲೆಕ್ಕ ಬರೆದು ತೋರಿಸುತ್ತೇನೆ. ಸಾಲ್ಬುಟಮಾಲ್ ಸ್ಟಿರಾಯ್ಡ್ ಅಲ್ಲ, ಆದರೆ ಮಾತ್ರೆಗೂ ಪಂಪಿಗೂ ಇರುವ ಅಂತರ ಅದರಲ್ಲಿ ಸುಲಭವಾಗಿ ಕಾಣುತ್ತದೆ. ಉಬ್ಬಸಕ್ಕೆ ಕೊಡುವ ಸಾಲ್ಬುಟಮಾಲ್ ಮಾತ್ರೆಯಲ್ಲಿ 4 ಮಿಲಿಗ್ರಾಂ ಇದ್ದರೆ ಅದು 4000 ಮೈಕ್ರೊಗ್ರಾಂ. ಒಂದು ಪಫ್‌ನಲ್ಲಿ ಇರುವುದು 100. ಒಂದು ಮಾತ್ರೆ ನುಂಗಿದರೆ ನಲವತ್ತು ಪಫ್‌ನಷ್ಟು ಔಷಧಿ ಹೊಟ್ಟೆಗೆ ಹೋಯಿತು, ಅಲ್ಲಿಂದ ರಕ್ತಕ್ಕೆ. ಪಫ್ ನೇರ ಶ್ವಾಸಕೋಶಕ್ಕೆ ಹೋಗುವುದರಿಂದಲೇ ಅಷ್ಟು ಕಡಿಮೆ ಸಾಕಾಗುತ್ತದೆ. “ಪಂಪ್ ಬೇಡ, ಮಾತ್ರೆ ಕೊಡಿ, ಅದು ಸೌಮ್ಯ” ಎನ್ನುವುದು ಇದಕ್ಕೇ ತಪ್ಪು.

ಬ್ಯುಡೆಸೊನೈಡ್ ಬಗ್ಗೆ ಬಸುರಿಯರಲ್ಲಿ ಬಹಳ ಹಿಂದೆಯೇ ಎಣಿಸಿ ನೋಡಿದ್ದಾರೆ. ಸ್ವೀಡನ್‌ನಲ್ಲಿ ಪ್ರತಿ ಹೆರಿಗೆಯ ದಾಖಲೆ ಇಡುತ್ತಾರೆ. ಮೊದಲ ತಿಂಗಳುಗಳಲ್ಲಿ ಬ್ಯುಡೆಸೊನೈಡ್ ಎಳೆದಿದ್ದ ತಾಯಂದಿರ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳ ದಾಖಲೆ ಆಧರಿಸಿದ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಹುಟ್ಟಿನಿಂದ ಬರುವ ದೋಷ ಆ ಮಕ್ಕಳಲ್ಲಿ ನೂರಕ್ಕೆ 3.8, ದೇಶದ ಎಲ್ಲ ಮಕ್ಕಳಲ್ಲಿ 3.5. ಇಷ್ಟು ಸಣ್ಣ ಅಂತರವನ್ನು ಔಷಧಿಯ ಪರಿಣಾಮ ಎನ್ನಲು ಬರುವುದಿಲ್ಲ. ಹೊಸದಾಗಿ ಸ್ಟಿರಾಯ್ಡ್ ಇನ್‌ಹೇಲರ್ ಶುರು ಮಾಡಬೇಕಾದ ಬಸುರಿಗೆ ನಾವು ಬ್ಯುಡೆಸೊನೈಡ್ ಆರಿಸುವುದು ಇದಕ್ಕೇ. ಬೇರೆ ಸ್ಟಿರಾಯ್ಡ್ ಇನ್‌ಹೇಲರಿನಲ್ಲಿ ಮೊದಲೇ ಆರಾಮವಾಗಿರುವವರು ಅದನ್ನೇ ಮುಂದುವರಿಸಬಹುದು.

3. ಎಳೆಯುವುದನ್ನು ಒಬ್ಬರ ಮುಂದೆ ಮಾಡಿ ತೋರಿಸಿ

ಔಷಧಿ ಸರಿಯಿದ್ದೂ ಗುಣ ಕಾಣದಿದ್ದರೆ ನಾನು ಮೊದಲು ನೋಡುವುದು ಕೈಯನ್ನು. ಆ ಹುಡುಗಿಗೆ “ನಿಮ್ಮ ಮನೆಯಲ್ಲಿ ಹೇಗೆ ತಗೋತಿದ್ರಿ, ಹಾಗೇ ಮಾಡಿ” ಎಂದೆ. ಅವಳು ಒತ್ತಿದಳು, ಆಮೇಲೆ ಉಸಿರೆಳೆದಳು. ತುಟಿಯ ಮೂಲೆಯಿಂದ ಬಿಳಿ ಹೊಗೆ ಹೊರಬಿತ್ತು. ಆ ಹೊಗೆ ಕಂಡರೆ ಔಷಧಿ ಗಾಳಿಪಾಲು ಎಂದೇ ತಿಳಿಯಿರಿ.

ಒಂದು ಸ್ಪೇಸರ್ ಕೊಳ್ಳಿ. ಮುಂದೆ ಹಿಂದೆ ಬಾಯಿರುವ, ಪಾರದರ್ಶಕ ಪ್ಲಾಸ್ಟಿಕ್ಕಿನ ಕೊಳವೆ ಅದು. ಇನ್‌ಹೇಲರನ್ನು ಚೆನ್ನಾಗಿ ಕುಲುಕಿ, ಸ್ಪೇಸರಿನ ಹಿಂಬದಿಗೆ ಸಿಕ್ಕಿಸಿ. ಉಸಿರನ್ನು ಪೂರ್ತಿ ಹೊರಬಿಟ್ಟು, ತುಟಿಗಳಿಂದ ಬಾಯಿತುದಿಯನ್ನು ಬಿಗಿಯಾಗಿ ಹಿಡಿಯಿರಿ. ಒಮ್ಮೆ ಮಾತ್ರ ಒತ್ತಿ, ನಿಧಾನವಾಗಿ ಆಳವಾಗಿ ಎಳೆದು, ಮನಸ್ಸಿನಲ್ಲಿ ಹತ್ತು ಎಣಿಸುವವರೆಗೆ ಉಸಿರು ಕಟ್ಟಿ. ಎರಡನೇ ಪಫ್‌ಗೆ ಅರ್ಧ ನಿಮಿಷ ಬಿಟ್ಟು ಮತ್ತೆ ಕುಲುಕಿ ಇದನ್ನೇ ಮಾಡಿ. ಕೊನೆಗೆ ಬಾಯಿ ಮುಕ್ಕಳಿಸಿ ಉಗುಳಿ, ಇಲ್ಲದಿದ್ದರೆ ನಾಲಿಗೆಯ ಮೇಲೆ ಬಿಳಿ ಅಗ್ರ ಕೂರುತ್ತದೆ. ಕ್ಯಾಪ್ಸೂಲ್ ಹಾಕಿ ಎಳೆಯುವ ಪುಡಿಯ ಸಾಧನವಾದರೆ ನಿಯಮ ಬೇರೆ: ಅದಕ್ಕೆ ಸ್ಪೇಸರ್ ಇಲ್ಲ, ಜೋರಾಗಿ ಒಂದೇ ಸಮನೆ ಎಳೆಯಬೇಕು. ಆ ಕ್ಯಾಪ್ಸೂಲನ್ನು ಮಾತ್ರೆಯೆಂದು ನೀರಿನ ಜೊತೆ ನುಂಗಿದವರನ್ನೂ ನೋಡಿದ್ದೇನೆ.

4. ಬಸುರಿನ ಏದುಸಿರೋ, ಉಬ್ಬಸವೋ?

ಬಸುರಿನಲ್ಲಿ ಹಾರ್ಮೋನಿನಿಂದಾಗಿಯೇ ಉಸಿರು ಸಾಲದಂತೆ ಅನಿಸುವುದುಂಟು. ಆ ಏದುಸಿರಿಗೆ ಕೆಮ್ಮು ಇರುವುದಿಲ್ಲ, ಎದೆಯಲ್ಲಿ ಸುಂಯ್ ಎಂಬ ಸಿಳ್ಳು ಇರುವುದಿಲ್ಲ, ನಡುರಾತ್ರಿ ಎಬ್ಬಿಸುವುದಿಲ್ಲ. ಅನುಮಾನ ಉಳಿದರೆ, ಹೊರಬಿಡುವ ಉಸಿರಿನ ರಭಸ ಅಳೆಯುವ ಪೀಕ್ ಫ್ಲೋ ಮೀಟರ್ ಊದಿ. ಬಸುರಾದ ಮಾತ್ರಕ್ಕೆ ಅದರ ಅಂಕಿ ಇಳಿಯುವುದಿಲ್ಲ, ಇಳಿದರೆ ಅದು ಆಸ್ತಮಾವೇ. ಬೆಳಿಗ್ಗೆ ಔಷಧಿಗೆ ಮೊದಲು ನಿಂತುಕೊಂಡು ಮೂರು ಸಲ ಊದಿ, ಹೆಚ್ಚಿನದನ್ನು ಬರೆದಿಡಿ.

ನಮ್ಮ ಹುಡುಗಿ ಆರಾಮವಾಗಿದ್ದಾಗ ಊದಿದ್ದ ಅತ್ಯುತ್ತಮ ಅಂಕಿ 380. ಅದರ ಶೇ 80 ಎಂದರೆ 304, ಅರ್ಧ ಎಂದರೆ 190. 304ರ ಮೇಲಿದ್ದರೆ ಎಂದಿನ ಔಷಧಿ ಸಾಕು. 304 ಮತ್ತು 190ರ ನಡುವೆ ಬಂದರೆ ಅದೇ ದಿನ ವೈದ್ಯರಿಗೆ ಫೋನು. 190ಕ್ಕಿಂತ ಕೆಳಗೆ ಬಂದರೆ ಆಸ್ಪತ್ರೆ. ಅಂದು ಅವಳು ಊದಿದ್ದು 240, ಬೆರಳಿನ ಆಕ್ಸಿಜನ್ 95. ಕೊಠಡಿಯಲ್ಲೇ ಸ್ಪೇಸರಿನಲ್ಲಿ ಸಾಲ್ಬುಟಮಾಲ್ ಕೊಟ್ಟು, ಐದು ದಿನಕ್ಕೆ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮಾತ್ರೆ ಬರೆದು, ಬ್ಯುಡೆಸೊನೈಡ್ ಮತ್ತು ಶ್ವಾಸನಾಳವನ್ನು ಬಹಳ ಹೊತ್ತು ಹಿಗ್ಗಿಸಿಡುವ ಫಾರ್ಮೊಟೆರಾಲ್ ಎರಡೂ ಇರುವ ಇನ್‌ಹೇಲರನ್ನು ದಿನಕ್ಕೆ ಎರಡು ಹೊತ್ತು ಶುರು ಮಾಡಿದೆವು. ತಾಯಿಗೆ ಮತ್ತೆ ಭಯ. ಪ್ರೆಡ್ನಿಸೊಲೋನ್ ಮಾತ್ರೆಯನ್ನು ಮಾಸು ಬಹುಪಾಲು ಅಲ್ಲೇ ಒಡೆದುಹಾಕುತ್ತದೆ, ಮಗುವನ್ನು ತಲುಪುವುದು ಅದರ ಸಣ್ಣ ಪಾಲು. ಇನ್‌ಹೇಲರಿಗಿಂತ ಅದು ಭಾರವಾದ ಔಷಧಿ, ನಿಜ. ಆದರೆ ಉಬ್ಬಸ ಕೆರಳಿದಾಗ ಅದನ್ನು ಬೇಡ ಎನ್ನಬಾರದು. ಇನ್‌ಹೇಲರ್ ಬಿಡದೆ ಇದ್ದಿದ್ದರೆ ಬಹುಶಃ ಆ ಮಾತ್ರೆ ಬೇಕಾಗುತ್ತಲೇ ಇರಲಿಲ್ಲ. ಎರಡು ವಾರದ ನಂತರ ಅವಳು 350 ಊದಿದಳು. ಮಲಗಿ ನಿದ್ದೆ ಮಾಡುತ್ತಿದ್ದಳು.

5. ಕೆರಳಿದರೆ ಏನು ಮಾಡಬೇಕೆಂದು ಗೋಡೆಗೆ ಅಂಟಿಸಿ

ನೆಟ್ಟಗೆ ಕೂರಿ, ಮಲಗಬೇಡಿ. ಸಾಲ್ಬುಟಮಾಲ್ ನಾಲ್ಕು ಪಫ್, ಒಂದೊಂದಾಗಿ, ಸ್ಪೇಸರಿನಲ್ಲಿ, ಪ್ರತಿ ಪಫ್‌ಗೆ ನಾಲ್ಕು ಉಸಿರು. ಇಪ್ಪತ್ತು ನಿಮಿಷದಲ್ಲಿ ಹಗುರಾಗದಿದ್ದರೆ ಮತ್ತೆ ನಾಲ್ಕು ಎಳೆದು ಆಸ್ಪತ್ರೆಗೆ ಹೊರಡಿ. ಮಾತು ಪೂರ್ತಿ ಬರದಿದ್ದರೆ, ತುಟಿ ನೀಲಿಗಟ್ಟಿದರೆ, ಆಕ್ಸಿಜನ್ 95ಕ್ಕಿಂತ ಇಳಿದರೆ ಇಪ್ಪತ್ತು ನಿಮಿಷ ಕಾಯಬೇಡಿ, 108ಕ್ಕೆ ಫೋನ್ ಮಾಡಿ, ಗಾಡಿ ಬರುವವರೆಗೆ ಪಫ್ ನಿಲ್ಲಿಸಬೇಡಿ. ಉಬ್ಬಸ ಇಳಿದ ಮೇಲೂ ಮಗುವಿನ ಮಿಸುಕಾಟ ಕಡಿಮೆ ಅನಿಸಿದರೆ ಅದೇ ದಿನ ಹೆರಿಗೆ ವೈದ್ಯರ ಹತ್ತಿರ ಹೋಗಿ. ಮನೆಯವರು ಮಾಡಬೇಕಾದ್ದೂ ಇದೆ: ಬಸುರಿ ಮಲಗುವ ಕೋಣೆಯಲ್ಲಿ ಸೊಳ್ಳೆಬತ್ತಿ, ಊದುಬತ್ತಿ, ಸಾಂಬ್ರಾಣಿ ಹೊಗೆ ಬೇಡ. ಸೌದೆ ಒಲೆ ಇದ್ದರೆ ಆ ತಿಂಗಳುಗಳಲ್ಲಿ ಒಲೆಯ ಮುಂದೆ ಬೇರೆಯವರು ಕೂರಲಿ.

6. ತಾಯಿ ಕಾರ್ಡಿನಲ್ಲಿ ದಪ್ಪಕ್ಷರದಲ್ಲಿ ಬರೆಸಿ

ಹೆರಿಗೆ ಕೋಣೆಯಲ್ಲಿ ನಿಮ್ಮನ್ನು ನೋಡುವವರು ಅಂದು ಡ್ಯೂಟಿಯಲ್ಲಿರುವ ಯಾರೋ ಆಗಿರಬಹುದು. “ಆಸ್ತಮಾ ಇದೆ, ಈ ಇನ್‌ಹೇಲರ್ ನಡೆಯುತ್ತಿದೆ” ಎಂದು ಕಾರ್ಡಿನಲ್ಲಿ ಇರಲಿ. ಹೆರಿಗೆಯ ನಂತರ ರಕ್ತಸ್ರಾವ ನಿಲ್ಲಿಸಲು ಕೊಡುವ ಕಾರ್ಬೊಪ್ರಾಸ್ಟ್ ಚುಚ್ಚುಮದ್ದು ಮತ್ತು ಬಿ.ಪಿ.ಗೆ ಕೊಡುವ ಲ್ಯಾಬೆಟಲಾಲ್ ಆಸ್ತಮಾ ಇದ್ದವರ ಶ್ವಾಸನಾಳವನ್ನು ಬಿಗಿಯಬಲ್ಲವು. ಗೊತ್ತಿದ್ದರೆ ವೈದ್ಯರು ಬದಲಿ ಔಷಧಿ ಹಾಕುತ್ತಾರೆ. ಆಸ್ಪಿರಿನ್ ಅಥವಾ ನೋವಿನ ಮಾತ್ರೆಯಿಂದ ಹಿಂದೆ ಉಬ್ಬಸ ಬಂದಿದ್ದರೆ ಅದನ್ನೂ ಬರೆಸಿ, ಬಿ.ಪಿ. ಏರಿ ಆಗುವ ನಂಜು ತಡೆಯಲು ಕೆಲವು ಬಸುರಿಯರಿಗೆ ಸಣ್ಣ ಡೋಸ್ ಆಸ್ಪಿರಿನ್ ಕೊಡುವುದು ಈಗ ರೂಢಿ. ಹೆರಿಗೆ ನೋವಿನ ನಡುವೆ ಉಬ್ಬಸ ಕೆರಳುವುದು ಅಪರೂಪ. ಆದರೂ ಇನ್‌ಹೇಲರ್, ಸ್ಪೇಸರ್ ಮಗುವಿನ ಬಟ್ಟೆಯ ಜೊತೆ ಚೀಲಕ್ಕೆ ಹೋಗಲಿ, ಆ ದಿನದ ಪಫ್ ತಪ್ಪದಿರಲಿ.

ಬಾಣಂತನದಲ್ಲೂ ಇದೇ ಇನ್‌ಹೇಲರ್ ನಡೆಯುತ್ತದೆ, ಎದೆಹಾಲಿಗೆ ಅಡ್ಡಿಯಿಲ್ಲ. ಹೊಗೆ ಹಾಕಿದ ಬಾಣಂತಿ ಕೋಣೆ ಮಾತ್ರ ಬೇಡ. ಆ ಹುಡುಗಿಗೆ 39ನೇ ವಾರದಲ್ಲಿ ಹೆರಿಗೆಯಾಯಿತು, ಮಗು 2.9 ಕೆ.ಜಿ. ಮೂರನೇ ದಿನ ನೋಡಲು ಹೋದಾಗ ಮಂಚದ ಪಕ್ಕದ ಇನ್‌ಹೇಲರಿನ ಅಂಕಿಯನ್ನು ಅವಳ ತಾಯಿಯೇ ನನಗೆ ಓದಿ ಹೇಳಿದರು: “ಹನ್ನೆರಡೇ ಉಳಿದದೆ ಮೇಡಂ, ಸಂಜೆ ಹೊಸದು ತರಿಸ್ತೀನಿ.”