ಛೇದದ ಕರಣಿ ಹೋಯಿತು, ಆದರೆ ಉತ್ತರ ಮುಗಿಯಿತಾ? ಅಕರಣೀಕರಣದ ವರ್ಕ್‌ಶೀಟ್ ತಿದ್ದುವ ಬಗೆ

‘ಛೇದವನ್ನು ಅಕರಣೀಕರಿಸಿ’ ಎಂಬ ಲೆಕ್ಕಗಳಿರುವ ಒಂಬತ್ತನೇ ತರಗತಿಯ ವರ್ಕ್‌ಶೀಟ್ ತಿದ್ದಲು ಕೂತರೆ ತಕರಾರು ಶುರುವಾಗುವುದು ಕೊನೆಯ ಸಾಲಿನಲ್ಲಿ. ಮಗು ಬರೆದದ್ದು ಒಂದು, ಉತ್ತರದ ಪಟ್ಟಿಯಲ್ಲಿ ಇರುವುದು ಇನ್ನೊಂದು. ಕೆಲವು ಸಲ ಮಗುವಿನ ಉತ್ತರ ನಿಜವಾಗಿಯೂ ತಪ್ಪು. ಇನ್ನು ಕೆಲವು ಸಲ ಬೆಲೆ ಸರಿಯಾಗಿಯೇ ಇರುತ್ತದೆ, ಆದರೆ ಲೆಕ್ಕ ಅರ್ಧಕ್ಕೇ ನಿಂತಿರುತ್ತದೆ. ಹಾಗಾಗಿ ತಿದ್ದುವಾಗ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿಯೇ ಕೇಳಬೇಕು: ಬೆಲೆ ಸರಿಯಿದೆಯಾ, ರೂಪ ಮುಗಿದಿದೆಯಾ.

ಅಸಲಿಗೆ ಛೇದದಿಂದ ಕರಣಿಯನ್ನು ಓಡಿಸುವುದು ಯಾಕೆ? 1/√2 ಅನ್ನು ಕ್ಯಾಲ್ಕುಲೇಟರ್ ಇಲ್ಲದೆ ದಶಮಾಂಶಕ್ಕೆ ತಂದು ನೋಡಿ. 1 ಅನ್ನು 1.41421 ರಿಂದ ಭಾಗಿಸಲು ಅರ್ಧ ಹಾಳೆ ಬೇಕು. ಅದನ್ನೇ √2/2 ಅಂತ ಬರೆದರೆ 1.41421 ರ ಅರ್ಧ, ಬಾಯಲ್ಲೇ ಆಗುತ್ತದೆ. ಇನ್ನೊಂದು ಅನುಕೂಲವೂ ಇದೆ. ಎಲ್ಲರೂ ಒಂದೇ ರೂಪಕ್ಕೆ ತಂದರೆ ಎರಡು ಉತ್ತರ ಒಂದೇನಾ ಅಂತ ಕಣ್ಣಲ್ಲೇ ಗೊತ್ತಾಗುತ್ತದೆ.

ಮೊದಲು ಕಾಂಜುಗೇಟ್ ನೋಡೋಣ. ಛೇದದಲ್ಲಿ ಎರಡು ಪದ ಇದ್ದಾಗ ಮಾತ್ರ ಇದರ ಕೆಲಸ. ಪದಗಳು ಅವೇ, ನಡುವಿನ ಚಿಹ್ನೆ ಮಾತ್ರ ಉಲ್ಟಾ. 3 + √5 ಕ್ಕೆ 3 − √5. ಎರಡನ್ನೂ ಗುಣಿಸಿದರೆ (a + b)(a − b) = a² − b² ಸೂತ್ರದ ಪ್ರಕಾರ ನಡುವಿನ ಪದಗಳು ಒಂದನ್ನೊಂದು ಹೊಡೆದುಹಾಕುತ್ತವೆ, ಉಳಿಯುವುದು ಎರಡು ವರ್ಗಗಳ ವ್ಯತ್ಯಾಸ, ಅಲ್ಲಿ ವರ್ಗಮೂಲಕ್ಕೆ ಜಾಗವೇ ಇಲ್ಲ.

4/(3 + √5) ಲೆಕ್ಕವನ್ನೇ ತಗೊಳ್ಳಿ. ಮೇಲೆ ಕೆಳಗೆ ಎರಡೂ ಕಡೆ (3 − √5) ರಿಂದ ಗುಣಿಸಿದರೆ ಛೇದ 9 − 5 = 4. ಅಂಶ 4(3 − √5). ನಾಲ್ಕು ನಾಲ್ಕು ಹೊಡೆದುಹೋಗಿ ಉತ್ತರ 3 − √5.

ಇದೇ ಲೆಕ್ಕವನ್ನು ಮಕ್ಕಳು ಕೆಡಿಸುವ ದಾರಿಗಳು ಕೆಲವೇ. ಛೇದ ಹೇಗಿದೆಯೋ ಹಾಗೇ, ಅಂದರೆ (3 + √5) ರಿಂದಲೇ ಗುಣಿಸುತ್ತಾರೆ. ಆಗ ಛೇದ 14 + 6√5 ಆಗುತ್ತದೆ, ಕರಣಿ ಎಲ್ಲಿಗೂ ಹೋಗಿಲ್ಲ. ಇನ್ನು ಕೆಲವರು ಎರಡೂ ಚಿಹ್ನೆ ಬದಲಿಸಿ (−3 − √5) ಬರೆಯುತ್ತಾರೆ. ಅದು ಕಾಂಜುಗೇಟ್ ಅಲ್ಲ, ಹಳೆಯ ಛೇದಕ್ಕೇ ಮೈನಸ್ ಹಚ್ಚಿದ್ದು ಅಷ್ಟೇ, ಗುಣಿಸಿದರೆ −14 − 6√5 ಬರುತ್ತದೆ. ಈ ಎರಡನ್ನೂ ಹಿಡಿಯುವುದು ಸುಲಭ. ಎರಡು ಪದಗಳ ಛೇದವನ್ನು ಗುಣಿಸಿದ ಮೇಲೂ ಕೆಳಗೆ √ ಕಂಡರೆ ಕಾಂಜುಗೇಟ್ ತಪ್ಪಿದೆ ಅಥವಾ ಗುಣಾಕಾರ ತಪ್ಪಿದೆ. ಹಿಡಿಯಲು ಕಷ್ಟವಾಗುವುದು ಕೆಳಗೆ ಮಾತ್ರ ಗುಣಿಸಿ ಅಂಶವನ್ನು ಹಾಗೇ ಬಿಟ್ಟಿರುವ ತಪ್ಪು. ಛೇದ ಚೆನ್ನಾಗಿ 4 ಅಂತ ಬಂದಿರುತ್ತದೆ, ಮೇಲಿನ 4 ಅಲ್ಲೇ ಇರುತ್ತದೆ, ಉತ್ತರ 1. ನೋಡಲು ಎಷ್ಟು ಅಚ್ಚುಕಟ್ಟು! ಆದರೆ ಭಿನ್ನರಾಶಿಯ ಬೆಲೆಯೇ ಬದಲಾಗಿದೆ.

ಛೇದ −√2 + 5 ಅಂತ ಕೊಟ್ಟಾಗ ಯಾವ ಚಿಹ್ನೆ ಬದಲಿಸಬೇಕು ಅಂತ ಗೊಂದಲ ಬರುತ್ತದೆ. ಮೊದಲು ಅದನ್ನು 5 − √2 ಅಂತ ತಿರುಗಿಸಿ ಬರೆಯಿಸಿ, ಆಮೇಲೆ ಗೊಂದಲ ಇರುವುದಿಲ್ಲ. ಛೇದ √3 − √7 ಥರ ಇದ್ದರೆ ಕೆಳಗೆ 3 − 7 = −4 ಬರುತ್ತದೆ. 8/(√3 − √7) ರ ಉತ್ತರ −2(√3 + √7). ಈ ಮೈನಸ್ ದಾರಿಯಲ್ಲಿ ಕಳೆದುಹೋಗುವುದು ಜಾಸ್ತಿ. √7 ದೊಡ್ಡದು, ಹಾಗಾಗಿ ಛೇದ ಋಣ ಸಂಖ್ಯೆ, ಮೇಲೆ 8 ಧನ, ಅಂದಮೇಲೆ ಉತ್ತರ ಋಣವೇ ಆಗಬೇಕು ಅಲ್ವಾ? ಇಷ್ಟು ಯೋಚಿಸಿದರೆ ಸಾಕು, ಮತ್ತೆ ಲೆಕ್ಕ ಮಾಡಬೇಕಾಗಿಲ್ಲ.

ಈಗ ಒಂದು ಲೆಕ್ಕವನ್ನು ಪೂರ್ತಿ ಮಾಡೋಣ, ಇದರಲ್ಲಿ ಎಡವುವ ಜಾಗಗಳೆಲ್ಲ ಇವೆ.

(3 + √2)/(4 − 2√2)

ಕಾಂಜುಗೇಟ್ (4 + 2√2). ಮೊದಲು ಛೇದ. 4² = 16. (2√2)² ಎಷ್ಟು? ಹೊರಗಿನ 2 ಕ್ಕೂ ವರ್ಗ ಬೇಕು, ಒಳಗಿನದು ಕರಣಿ ಬಿಟ್ಟು ಹೊರಬರಬೇಕು: 4 × 2 = 8. ಹೊರಗಿನ 2 ರ ವರ್ಗ ಮರೆತು 2 × 2 = 4 ಅಂತ ಬರೆಯುವವರು ಸಿಕ್ಕೇ ಸಿಗುತ್ತಾರೆ, ಅಲ್ಲಿಂದ ಮುಂದೆ ಎಲ್ಲವೂ ಹಾಳು. ಸರಿಯಾದ ಛೇದ 16 − 8 = 8.

ಅಂಶದಲ್ಲಿ ನಾಲ್ಕು ಗುಣಾಕಾರ ಆಗಬೇಕು, ನಾಲ್ಕೂ ಹಾಳೆಯ ಮೇಲೆ ಕಾಣಬೇಕು:

(3 + √2)(4 + 2√2) = 12 + 6√2 + 4√2 + 4 = 16 + 10√2

ಕೊನೆಯ 4 ಬಂದದ್ದು √2 × 2√2 ರಿಂದ. ಈಗ ಉತ್ತರ (16 + 10√2)/8. ಛೇದದಲ್ಲಿ ಕರಣಿ ಇಲ್ಲ, ಪ್ರಶ್ನೆ ಕೇಳಿದ್ದೂ ಅದೇ, ಮಗು ಪೆನ್ನು ಕೆಳಗಿಡುತ್ತದೆ. ಬೆಲೆ ಸರಿ. ಆದರೆ 16, 10, 8 ಮೂರಕ್ಕೂ 2 ಹೋಗುತ್ತದೆ. ಹೋಗಿಸಿದರೆ (8 + 5√2)/4. ಇಲ್ಲಿಗೆ ಮುಗಿಯಿತು, ಯಾಕೆಂದರೆ 8, 5, 4 ಮೂರನ್ನೂ ಭಾಗಿಸುವ ಸಂಖ್ಯೆ 1 ಬಿಟ್ಟರೆ ಬೇರೆ ಇಲ್ಲ. ಉತ್ತರದ ಪಟ್ಟಿಯಲ್ಲಿ 2 + 5√2/4 ಅಂತಿದ್ದರೆ ಗಾಬರಿ ಬೇಡ, ಎರಡೂ ಒಂದೇ, ಎರಡಕ್ಕೂ ಪೂರ್ತಿ ಅಂಕ ಕೊಡಬಹುದು. ಪ್ರಶ್ನೆಯಲ್ಲೇ a + b√2 ರೂಪ ಕೇಳಿದ್ದರೆ ಮಾತ್ರ ಬಿಡಿಸಿ ಬರೆಯಬೇಕು: a = 2, b = 5/4.

ಇದೇ ಹೆಜ್ಜೆಯಲ್ಲಿ ಆಗುವ ಇನ್ನೊಂದು ತಪ್ಪು ಎಲ್ಲಕ್ಕಿಂತ ಕೆಟ್ಟದ್ದು. (16 + 10√2)/8 ರಲ್ಲಿ 16 ಕ್ಕೂ 8 ಕ್ಕೂ ಗೆರೆ ಹೊಡೆದು 2 + 10√2 ಅಂತ ಬರೆಯುವುದು. ಕೂಡಿಸಿದ ಎರಡು ಪದಗಳಲ್ಲಿ ಒಂದನ್ನು ಮಾತ್ರ ಭಾಗಿಸಿ ಇನ್ನೊಂದನ್ನು ಹಾಗೇ ಬಿಡುವಂತಿಲ್ಲ. ಬೆಲೆ ಹಾಕಿ ನೋಡಿದರೆ ಸಿಕ್ಕಿಬೀಳುತ್ತದೆ. √2 ಅನ್ನು 1.414 ಅಂತ ಇಟ್ಟುಕೊಂಡರೆ ಮೂಲ ಪ್ರಶ್ನೆ 4.414/1.172, ಸುಮಾರು 3.77. (8 + 5√2)/4 ಕೂಡ ಸುಮಾರು 3.77. ಆದರೆ 2 + 10√2 ಹದಿನಾರು ದಾಟುತ್ತದೆ.

ದಶಮಾಂಶ ಬೇಡ ಅಂದರೆ ಇನ್ನೂ ಗಟ್ಟಿ ದಾರಿ ಇದೆ. ಉತ್ತರವನ್ನು ಮೂಲ ಛೇದದಿಂದ ಗುಣಿಸಿ, ಮೂಲ ಅಂಶ ವಾಪಸ್ ಬರಬೇಕು. (8 + 5√2)(4 − 2√2) = 32 − 16√2 + 20√2 − 20 = 12 + 4√2. ನಾಲ್ಕರಿಂದ ಭಾಗಿಸಿದರೆ 3 + √2. ಬಂತಲ್ಲ! ಇದರಲ್ಲಿ ಅಂದಾಜಿನ ಮಾತೇ ಇಲ್ಲ.

ಆದರೆ ಈ ಎರಡೂ ಪರೀಕ್ಷೆಗೆ ಒಂದು ಮಿತಿ ಇದೆ, ಇವು ಹೇಳುವುದು ಬೆಲೆ ಸರಿಯೋ ಅಂತ ಮಾತ್ರ. ಸಂಕ್ಷೇಪ ಮಾಡದ (16 + 10√2)/8 ಕೂಡ ಇವುಗಳಲ್ಲಿ ಆರಾಮಾಗಿ ಪಾಸಾಗುತ್ತದೆ. ರೂಪವನ್ನು ಕಣ್ಣಿಂದಲೇ ನೋಡಬೇಕು. ಯಾವುದನ್ನು ನೋಡಬೇಕು ಅನ್ನುವುದಕ್ಕೆ ಈ ಲೆಕ್ಕ ಒಳ್ಳೆಯ ಉದಾಹರಣೆ:

6/(√12 − √3)

ಪದ್ಧತಿ ಪ್ರಕಾರ ಕಾಂಜುಗೇಟ್ ಹಾಕಿದರೆ 6(√12 + √3)/(12 − 3) = 6(√12 + √3)/9. ಮೂರರಿಂದ ಭಾಗಿಸಿದರೆ 2(√12 + √3)/3. ಕಾಂಜುಗೇಟ್ ಸರಿ, ಛೇದ ಸರಿ, ಸಾಮಾನ್ಯ ಅಪವರ್ತನವನ್ನೂ ತೆಗೆದಿದ್ದಾರೆ. ಬಹಳಷ್ಟು ಮಕ್ಕಳು ಇಲ್ಲೇ ನಿಲ್ಲುತ್ತಾರೆ, ಸುಮ್ನೆ ಕಣ್ಣು ಹಾಯಿಸಿದರೆ ನಾವೂ ಸರಿ ಗುರುತು ಹಾಕಿಬಿಡುತ್ತೇವೆ. ಆದರೆ √12 ಒಳಗೆ 4 ಕೂತಿದೆ, ಅದು ಪೂರ್ಣ ವರ್ಗ. √12 = 2√3. ಆಗ ಆವರಣದೊಳಗೆ 2√3 + √3 = 3√3, ಉತ್ತರ 2 × 3√3/3, ಅಂದರೆ ಬರೀ 2√3.

ಹೀಗಾಗಿ ಕರಣಿಯೊಳಗೆ 4, 9, 16, 25 ಥರದ ವರ್ಗ ಅಡಗಿದೆಯಾ ಅಂತ ನೋಡಬೇಕು. ಇದ್ದರೆ ಹೊರತೆಗೆಯಬೇಕು. ತೆಗೆದ ಮೇಲೆ ಒಂದೇ ಥರದ ಕರಣಿಗಳಿದ್ದರೆ ಕೂಡಿಸಬೇಕು. ಅಂಶದ ಎಲ್ಲ ಪದಕ್ಕೂ ಛೇದಕ್ಕೂ ಸಾಮಾನ್ಯವಾದ ಸಂಖ್ಯೆ ಹೊಡೆದುಹಾಕುವುದು ಕೊನೆಗೆ. ಈ ಕ್ರಮ ಮುಖ್ಯ, ಯಾಕೆಂದರೆ ಮೇಲಿನ ಲೆಕ್ಕದಲ್ಲಿ ಆ 3 ಕಣ್ಣಿಗೆ ಬಿದ್ದದ್ದೇ ಕರಣಿಗಳನ್ನು ಕೂಡಿಸಿದ ಮೇಲೆ.

ನನ್ನ ಪ್ರಕಾರ ಈ ಲೆಕ್ಕಕ್ಕೆ ಕಾಂಜುಗೇಟ್ ಹಚ್ಚುವುದೇ ದಂಡ. ಮೊದಲೇ √12 ಅನ್ನು 2√3 ಮಾಡಿದರೆ ಛೇದ 2√3 − √3 = √3, ಒಂದೇ ಪದ. 6/√3 ಅನ್ನು ಮೇಲೆ ಕೆಳಗೆ √3 ರಿಂದ ಗುಣಿಸಿದರೆ 6√3/3 = 2√3. ಎರಡು ಪದ ಕಂಡ ಕೂಡಲೇ ಚಿಹ್ನೆ ಬದಲಿಸಲು ಹೋಗದೆ, ಮೊದಲು ಛೇದವನ್ನು ಚಿಕ್ಕದು ಮಾಡಿ ಆಮೇಲೆ ಕಾಂಜುಗೇಟ್ ಬೇಕಾ ಅಂತ ಕೇಳಿಕೊಳ್ಳುವ ಅಭ್ಯಾಸ ಮಾಡಿಸಿ. ಹಿಂದಿನ ಲೆಕ್ಕದಲ್ಲೂ 4 − 2√2 ಅನ್ನು 2(2 − √2) ಅಂತ ಬರೆದು (2 + √2) ರಿಂದ ಗುಣಿಸಿದ್ದರೆ ಛೇದ 2 × 2 = 4, ಅಂಶ 8 + 5√2, ಉತ್ತರ ನೇರವಾಗಿ ಸಿಗುತ್ತಿತ್ತು.

ವರ್ಕ್‌ಶೀಟ್‌ನ ಕೊನೆಯಲ್ಲಿ ಬುದ್ಧಿವಂತರಿಗೆ ಅಂತ 1/(1 + √2 + √3) ಇಟ್ಟಿರುತ್ತಾರೆ. ಮೂರು ಪದ ಇದ್ದಾಗ ಮೊದಲೆರಡನ್ನು ಒಂದು ಗುಂಪು ಮಾಡಿ (1 + √2) − √3 ರಿಂದ ಗುಣಿಸಬೇಕು. ಛೇದ (1 + √2)² − 3 = 3 + 2√2 − 3 = 2√2. ಕರಣಿ ಇನ್ನೂ ಇದೆ, ಆದರೆ ಇಲ್ಲಿ ಅದು ತಪ್ಪಲ್ಲ, ಕೆಲಸ ಬಾಕಿ ಇದೆ ಅಷ್ಟೇ. ಮತ್ತೊಮ್ಮೆ √2 ರಿಂದ ಗುಣಿಸಿದರೆ ಛೇದ 4, ಅಂಶ √2 + 2 − √6. ಉತ್ತರ (2 + √2 − √6)/4. ಇದನ್ನು ಇನ್ನೂ ಕಿರಿದು ಮಾಡಲು ಬರುವುದಿಲ್ಲ: 6 ರಲ್ಲಿ ಪೂರ್ಣ ವರ್ಗ ಇಲ್ಲ, √2 ಮತ್ತು √6 ಬೇರೆ ಬೇರೆ ಕರಣಿ, ಕೂಡಿಸುವಂತಿಲ್ಲ.

ಇನ್ನು ಇದೆಲ್ಲ ನಡೆಯುವುದು ವರ್ಗಮೂಲಕ್ಕೆ ಮಾತ್ರ. ಛೇದ ∛2 − 1 ಇದ್ದರೆ ∛2 + 1 ರಿಂದ ಗುಣಿಸಿ ಪ್ರಯೋಜನವಿಲ್ಲ, ∛4 − 1 ಬರುತ್ತದೆ, ಘನಮೂಲ ಹಾಗೇ ಉಳಿಯುತ್ತದೆ. ಅಲ್ಲಿ a³ − b³ ಸೂತ್ರ ಬೇಕು, ಗುಣಿಸಬೇಕಾದದ್ದು ∛4 + ∛2 + 1, ಆಗ ಛೇದ 2 − 1 = 1.