‘ಅನುವಾದ’ ಎಂಬ ಪದವನ್ನು ಬದಿಗಿಟ್ಟು ವಾದಿಸಿದ ಸಭೆ

ಅನುವಾದ ಸ್ಪರ್ಧೆಯೊಂದರ ತೀರ್ಪುಗಾರರ ಸಭೆಯನ್ನು ನಡೆಸುವ ಹೊಣೆ ಒಮ್ಮೆ ನನ್ನ ಮೇಲಿತ್ತು. 12 ಅಧ್ಯಾಯಗಳ ಕಾದಂಬರಿಯೊಂದರಲ್ಲಿ 2 ಅಧ್ಯಾಯಗಳನ್ನು ಕೈಬಿಟ್ಟು, ಸಂಭಾಷಣೆಗಳನ್ನು ಸಾಕಷ್ಟು ಸ್ವತಂತ್ರವಾಗಿ ಬರೆದಿದ್ದ ಹಸ್ತಪ್ರತಿ ನಮ್ಮ ಮುಂದಿತ್ತು. ಇದು ಅನುವಾದವೇ ಅಲ್ಲ ಎಂದು ಒಬ್ಬರು ಹೇಳಿದರೆ, ನಿಜವಾದ ಅನುವಾದವೆಂದರೆ ಮೂಲದ ಜೀವವನ್ನು ದಾಟಿಸುವುದು, ಆದ್ದರಿಂದ ಇದೇ ಅನುವಾದ ಎಂದು ಇನ್ನೊಬ್ಬರು ಪಟ್ಟು ಹಿಡಿದರು.

‘ನಿಜವಾದ’ ಎಂಬ ವಿಶೇಷಣ ಕೇಳಿದಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಪದಕ್ಕೆ ಅಂಟಿರುವ ಗೌರವವನ್ನು ಹಾಗೆಯೇ ಉಳಿಸಿಕೊಂಡು ಅದರ ವಿಷಯಾರ್ಥವನ್ನು ಮಾತ್ರ ಬದಲಿಸುವ ಇಂಥ ವ್ಯಾಖ್ಯೆಯನ್ನು ಅಮೆರಿಕದ ತತ್ವಶಾಸ್ತ್ರಜ್ಞ ಚಾರ್ಲ್ಸ್ ಸ್ಟೀವನ್‌ಸನ್ 1938ರ ಲೇಖನವೊಂದರಲ್ಲಿ ಮನವೊಲಿಕೆಯ ವ್ಯಾಖ್ಯೆ ಎಂದು ಗುರುತಿಸಿದ್ದರು. ಅದಕ್ಕೆ ಪರಿಹಾರವೆಂದು ಭಾವಿಸಿ ನಾನು, ‘ಈ ಸಭೆಯ ಮಟ್ಟಿಗೆ, ಮೂಲದ ಎಲ್ಲ ಅಧ್ಯಾಯಗಳೂ ಇರುವ ಕೃತಿಯನ್ನು ಮಾತ್ರ ಅನುವಾದ ಎನ್ನೋಣ’ ಎಂದು ಸೂಚಿಸಿದೆ. ಗೊತ್ತುಪಡಿಸಿದ ವ್ಯಾಖ್ಯೆ ಸರಿಯೂ ಅಲ್ಲ, ತಪ್ಪೂ ಅಲ್ಲ. ಅದು ಪದವನ್ನು ಹೀಗೆ ಬಳಸೋಣ ಎಂಬ ಒಪ್ಪಂದವಷ್ಟೆ ಎಂಬುದು ನನ್ನ ಸಮರ್ಥನೆಯಾಗಿತ್ತು. ಆದರೆ ಬಹುಮಾನದ ಹೆಸರಿನಲ್ಲಿಯೇ ಆ ಪದ ಇದ್ದುದರಿಂದ, ನಾನು ಒಪ್ಪಂದವೆಂದು ಮುಂದಿಟ್ಟದ್ದು ವಾಸ್ತವದಲ್ಲಿ ಆ ಹಸ್ತಪ್ರತಿಯನ್ನು ಹೊರಗಿಡುವ ತೀರ್ಪಾಗಿತ್ತು. ಎರಡನೆಯ ತೀರ್ಪುಗಾರರು ಅದನ್ನು ಒಪ್ಪಲಿಲ್ಲ, ಒಪ್ಪದಿದ್ದುದು ಸರಿಯೇ ಆಗಿತ್ತು.

ಆಮೇಲೆ ‘ಅನುವಾದ’ ಎಂಬ ಪದವನ್ನು ಅರ್ಧ ಗಂಟೆ ಯಾರೂ ಬಳಸಬಾರದೆಂದು ಕೇಳಿಕೊಂಡೆ. ಅದರ ಜಾಗದಲ್ಲಿ ‘ರೂಪಾಂತರ’ ಎಂದರೂ ಹಳೆಯ ಜಗಳ ಹೊಸ ಹೆಸರಿನಲ್ಲಿ ಮರಳುತ್ತಿತ್ತಾದ್ದರಿಂದ, ಎಲ್ಲ ಅಧ್ಯಾಯಗಳಿರುವ ಬಗೆಯನ್ನು ‘ಕ’ ಎಂದೂ ಭಾಗಗಳನ್ನು ಕೈಬಿಟ್ಟ ಬಗೆಯನ್ನು ‘ಖ’ ಎಂದೂ ಕರೆದೆವು. ಬಿಟ್ಟುಹೋದ ಅಧ್ಯಾಯಗಳು ಎಷ್ಟು, ಸಂಭಾಷಣೆ ಎಲ್ಲೆಲ್ಲಿ ಬದಲಾಗಿದೆ, ಭಾಷೆ ಹೇಗಿದೆ ಎಂದು ಒಂದೊಂದಾಗಿ ಕೇಳುತ್ತಾ ಹೋದಾಗ ಇಬ್ಬರ ಉತ್ತರವೂ ಒಂದೇ ಆಗಿತ್ತು. ಇದು ‘ಖ’ ಬಗೆಯದೆಂದು ಇಬ್ಬರೂ ತಕರಾರಿಲ್ಲದೆ ಒಪ್ಪಿದರು. ಮಾತು ಇಲ್ಲಿಗೇ ಮುಗಿದಿದ್ದರೆ ಇಡೀ ವಿವಾದ ಬರಿಯ ಪದದ್ದೆಂದು ನಾನು ಬರೆದುಕೊಳ್ಳುತ್ತಿದ್ದೆ.

ಆದರೆ ಪದವಿಲ್ಲದೆಯೂ ಹೇಳಬಹುದಾದ ಒಂದು ಭಿನ್ನಾಭಿಪ್ರಾಯ ಉಳಿದುಕೊಂಡಿತು. ಕೈಬಿಟ್ಟ ಅಧ್ಯಾಯಗಳ ವಿಷಯವನ್ನು ಮುನ್ನುಡಿಯಲ್ಲಿ ತಿಳಿಸದಿರುವುದು ಓದುಗರಿಗೆ ಮಾಡಿದ ಅನ್ಯಾಯವೆಂದು ಮೊದಲನೆಯವರು ಹೇಳಿದರು. ಕೃತಿ ತನ್ನಷ್ಟಕ್ಕೆ ಪೂರ್ಣವಾಗಿ ಓದಿಸಿಕೊಂಡರೆ ಅದನ್ನು ತಿಳಿಸುವ ಅಗತ್ಯವಿಲ್ಲವೆಂದು ಎರಡನೆಯವರು ಹೇಳಿದರು. ಯಾವ ನಿಘಂಟಿನಿಂದಲೂ ಇದನ್ನು ಬಗೆಹರಿಸಲಾಗದು, ಏಕೆಂದರೆ ಇದು ಅನುವಾದಕರು ಓದುಗರಿಗೆ ಏನನ್ನು ತಿಳಿಸಲು ಬದ್ಧರು ಎಂಬ ಪ್ರಶ್ನೆ. ಅಂಥ ಪ್ರಶ್ನೆಯನ್ನು ಪದದ ಜಗಳವೆಂದು ತಳ್ಳಿಹಾಕುವುದು, ಪದದ ಜಗಳವನ್ನು ಗಂಭೀರ ಪ್ರಶ್ನೆಯೆಂದು ಬೆಳೆಸುವುದಕ್ಕಿಂತ ದೊಡ್ಡ ತಪ್ಪು ಎಂದೇ ನನ್ನ ಭಾವನೆ. ಸಭೆಯ ಉಳಿದ ಸಮಯವೆಲ್ಲ ಮುನ್ನುಡಿಯ ಆ ಒಂದು ಪುಟದ ಚರ್ಚೆಗೆ ಹೋಯಿತು.